ಆರನೇ ಪೋರ್ಟ್

ಲೆಕ್ಕ ಹಾಕದೆ ನಾನು ಯಾರಿಗೂ ಚಾರ್ಜರ್ ಕೊಡುವವಳಲ್ಲ. ಚಳ್ಳಕೆರೆಯಲ್ಲಿ ಇದು ಎಲ್ಲರಿಗೂ ಗೊತ್ತು. ‘ದೊಡ್ಡದು ಕೊಡಮ್ಮ’ ಅಂತ ಬಂದವರನ್ನು ಸ್ಟೂಲ್ ಮೇಲೆ ಕೂರಿಸಿ, ಮನೆಯಲ್ಲಿ ಏನೇನಿದೆ, ಒಂದೊಂದಕ್ಕೆ ಎಷ್ಟೆಷ್ಟು ವ್ಯಾಟ್ ಬೇಕು ಅಂತ ಬರೆಸಿಕೊಂಡೇ ಪೆಟ್ಟಿಗೆ ತೆಗೆಯುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ನನಗೂ ಬರುತ್ತದೆ. ಡಿಪ್ಲೊಮಾ ಓದಿ ಅಬ್ಬನ ಅಂಗಡಿಯ ಗಲ್ಲಾದ ಹಿಂದೆ ಕೂತಿರುವುದು ಸುಮ್ಮನೆ ತಲೆಯಾಡಿಸುವುದಕ್ಕಲ್ಲ.

ಆ ಜಂಬವೇ ಒಬ್ಬ ಹೆಂಗಸನ್ನು ಸಿಕ್ಕಿಹಾಕಿಸಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ವಪ್ನಕ್ಕ ಬಂದದ್ದು ಸೋಮವಾರ ಮಧ್ಯಾಹ್ನ, ಮೊಳಕಾಲ್ಮೂರಿನ ಬಸ್ಸಿಳಿದು ನೇರ ನಮ್ಮ ಅಂಗಡಿಗೆ. ಮೂವತ್ತೈದರ ಆಸುಪಾಸು. ಮನೆಯಲ್ಲಿ ಮಗ್ಗಗಳಿವೆ, ಗಂಡ ನೇಯುತ್ತಾರೆ, ತಾನು ಸೀರೆಯ ಅಂಚಿನ ಡಿಸೈನನ್ನು ಲ್ಯಾಪ್‌ಟಾಪ್‌ನಲ್ಲಿ ಬಿಡಿಸುತ್ತೇನೆ ಅಂದರು. ಡಿಸೈನ್ ಮಾಡುವ ಮೇಜಿನ ಮೇಲೆ ಇಡಲು ಒಂದೇ ಚಾರ್ಜಿಂಗ್ ಸ್ಟೇಷನ್ ಬೇಕು, ಮನೆಯವರೆಲ್ಲರ ಫೋನೂ ಅದರಲ್ಲೇ ಆಗಬೇಕು.

“ಅಲ್ಲೊಂದು ಇಲ್ಲೊಂದು ವೈರು ಎಳೆದ್ರೆ ರೇಷ್ಮೆಗೆ ಬೆಂಕಿ ಹತ್ತುತ್ತೆ ಅಂತಾರೆ ನಮ್ಮ ಮನೆಯವ್ರು. ಇದು ಬಂದ ಮೇಲೆ ಹಳೇ ಚಾರ್ಜರೆಲ್ಲ ಬೀರುಗೆ ಹಾಕಿ ಬೀಗ ಜಡೀತಾರಂತೆ.”

“ಒಳ್ಳೇ ಶಿಸ್ತಿನ ಮನುಷ್ಯ ಕಣಕ್ಕ,” ಅಂದೆ. ಅವರು ನಗಲಿಲ್ಲ.

ಅಂದಾಜು ಪುಸ್ತಕ ತೆಗೆದು, ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಶುರು ಮಾಡಿದೆ. ಲ್ಯಾಪ್‌ಟಾಪ್ ಚಾರ್ಜರಿನ ಫೋಟೋ ತೋರಿಸಿದರು. ಇಪ್ಪತ್ತು ವೋಲ್ಟ್, ಮೂರೂಕಾಲು ಆಂಪ್ಸ್; ಗುಣಿಸಿದರೆ ಅರವತ್ತೈದು ವ್ಯಾಟ್. ಗಂಡ ಮಾರುತೇಶರ ಫೋನಿನ ಡಬ್ಬದ ಮೇಲೆ ಅರವತ್ತೇಳು ಅಂತ ಇತ್ತು. “ಅದು ಆ ಕಂಪನಿ ಚಾರ್ಜರ್ ಹಾಕಿದ್ರೆ ಮಾತ್ರ ಅಕ್ಕ. ಬೇರೆಯವ್ರ ಚಾರ್ಜರಲ್ಲಿ ಅದು ಇಪ್ಪತ್ತೈದರ ಮೇಲೆ ಎಳೆಯಲ್ಲ,” ಅಂತ ಇಪ್ಪತ್ತೈದು ಬರೆದೆ. ಮಗಳು ತೇಜಶ್ರೀಯ ಟ್ಯಾಬ್ ಹದಿನೆಂಟು. ಮಾವ ಚಿಕ್ಕೀರಪ್ಪನವರ ಫೋನು ಹತ್ತು. ಸ್ವಪ್ನಕ್ಕನ ಫೋನೂ ಹತ್ತು. ಒಟ್ಟು ನೂರಾ ಇಪ್ಪತ್ತೆಂಟು. ಇಪ್ಪತ್ತು ಪರ್ಸೆಂಟ್ ಮೇಲೆ ಬಿಟ್ಟುಕೊಂಡರೆ ನೂರೈವತ್ತಮೂರು ಚಿಲ್ಲರೆ.

“ನೂರಾ ಅರವತ್ತರದ್ದು ಸಾಕು,” ಅಂದೆ.

“ಆರನೇದು ಒಂದು ಐತೆ,” ಅಂದರು ಮೆಲ್ಲಗೆ. “ಅದೂ ಫೋನೇ. ಹದಿನೆಂಟು ಇರಬಹುದು.”

ನಾನು ಬರೆದೆ. ವಾರಂಟಿಗೆ ಫೋನ್ ನಂಬರ್ ಕೇಳಿದೆ, ಆ ಆರನೇ ಫೋನಿನದ್ದೇ ಹೇಳಿದರು, ಅದನ್ನೂ ಬರೆದೆ. ಆಗ ಅವರು ಕೇಳಿದ ಪ್ರಶ್ನೆಗಳು ಯಾವ ಗಿರಾಕಿಯೂ ಕೇಳುವಂಥವಲ್ಲ. ಆರನೆಯದನ್ನು ಹಾಕಿದರೆ ಉಳಿದವಕ್ಕೆ ಗೊತ್ತಾಗುತ್ತಾ? ಲ್ಯಾಪ್‌ಟಾಪ್‌ನಲ್ಲಿ ಏನಾದರೂ ಕಾಣಿಸುತ್ತಾ? ಮೇಲೆ ಅಂಕಿ ತೋರಿಸುವ ಪರದೆ ಇಲ್ಲದ್ದು ಐತಾ?

ನನಗೆ ಖುಷಿಯೋ ಖುಷಿ. ಕಡೆಗೂ ತಲೆಯಿರುವ ಗಿರಾಕಿ ಸಿಕ್ಕಿದರು ಅಂತ ವಿವರಿಸಿದೆ. ನೂರಾ ಅರವತ್ತರದ್ದು ಕರೆಂಟನ್ನು ಹಂಚಿಕೊಂಡು ತಿನ್ನುವ ಜಾತಿ. ಹೊಸದೊಂದು ವೈರು ಚುಚ್ಚಿದ ಕೂಡಲೇ ಎಲ್ಲ ಪೋರ್ಟೂ ಒಂದು ಗಳಿಗೆ ನಿಂತು ಮತ್ತೆ ಪಾಲು ಹಾಕುತ್ತವೆ, ಫೋನುಗಳೆಲ್ಲ ಟಿಂಗ್ ಅನ್ನುತ್ತವೆ. ಆರೂ ತುಂಬಿದರೆ ಲ್ಯಾಪ್‌ಟಾಪಿನ ಪಾಲು ಅರವತ್ತೈದರಿಂದ ನಲವತ್ತೈದಕ್ಕೆ ಇಳಿದು, ‘ಚಾರ್ಜಿಂಗ್ ನಿಧಾನ’ ಅಂತ ಪರದೆಯ ಮೇಲೆ ಬರುತ್ತದೆ.

ಅವರ ಮುಖ ಬಿಳಿಚಿತು. “ಹಾಗಾದ್ರೆ ಅದು ಬ್ಯಾಡ. ಅವ್ರು ಪಕ್ಕದ ಮಗ್ಗದಲ್ಲೇ ಕೂತಿರ್ತಾರೆ. ಟಿಂಗ್ ಅಂದ್ರೆ ಎದ್ದು ಬರ್ತಾರೆ.”

ಆಗ ಅವರ ಬಲಗೈ ನೋಡಿದೆ. ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು.

“ಹೋದ ಸಲ ಫೋನ್ ಸಿಕ್ಕಾಗ ಬೆರಳು ಬಾಗಿಲ ಸಂದಿಗೆ ಇಟ್ಟು ಒತ್ತಿದ್ರು. ಇನ್ನೊಂದು ಸಲ ಸಿಕ್ರೆ ಕೈ ಅಲ್ಲ, ಜೀವಾನೇ ತೆಗೀತೀನಿ ಅಂದಿದಾರೆ. ಪರಶುರಾಂಪುರದಾಗೆ ನಮ್ಮಕ್ಕ ನಿಂಗಕ್ಕ ಅದಾಳೆ, ಅವಳ ಜೊತೆ ಮಾತಾಡೋಕೆ ಅದೊಂದೇ ದಾರಿ. ಮಗಳ ಪರೀಕ್ಷೆ ಇನ್ನ ಎಂಟು ದಿನ. ಮುಗಿದ ದಿನ ಅವಳನ್ನ ಕರ್ಕೊಂಡು ಹೊರಟುಬಿಡ್ತೀನಿ. ಅಲ್ಲೀತಂಕ ಆ ಫೋನು ಜೀವಂತ ಇರಬೇಕು, ಅಷ್ಟೇ. ಅದನ್ನ ಬರೀಬ್ಯಾಡಮ್ಮ.”

ಬರೆದ ಹಾಳೆ ಹರಿದು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಮುಂದಿನ ಹಾಳೆಯಲ್ಲಿ ಐದೇ ಸಾಮಾನು ಬರೆದು, ಒಟ್ಟು ನೂರಾ ಇಪ್ಪತ್ತೆಂಟು ಅಂತ ಹಾಕಿ, ಇನ್ನೂರು ವ್ಯಾಟಿನ ಪೆಟ್ಟಿಗೆ ಕೊಟ್ಟೆ. ಅದರಲ್ಲಿ ಪ್ರತಿ ಪೋರ್ಟಿಗೂ ಅದರದೇ ಪಾಲು, ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಪರದೆಯೂ ಇಲ್ಲ. ಆರನೇ ಪೋರ್ಟ್ ಹಿಂಬದಿಗೆ ಇತ್ತು. ವೈರನ್ನು ಮೇಜಿನ ಡ್ರಾಯರ್ ಒಳಗೆ ಇಳಿಸುವುದು ಹೇಗೆ ಅಂತಲೂ ತೋರಿಸಿದೆ. ಎಷ್ಟು ಚುರುಕು ನಾನು ಅಂತ ಆ ಸಂಜೆಯೆಲ್ಲ ಬೀಗಿದೆ.

ಚುರುಕಿನವಳಿಗೆ ಎರಡು ವಿಷಯ ಹೊಳೆಯಲಿಲ್ಲ. ಮೇಲಿನ ಹಾಳೆ ಹರಿದರೂ ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿದಿತ್ತು. ಮತ್ತೆ, ನೂರಾ ಇಪ್ಪತ್ತೆಂಟಕ್ಕೆ ಇನ್ನೂರು ಯಾಕೆ ಅಂತ ಲೆಕ್ಕ ಬಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ.

ಶುಕ್ರವಾರ ಮಧ್ಯಾಹ್ನ ಒಬ್ಬರು ಅದೇ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ. ಚಪ್ಪಲಿ ಬಿಟ್ಟು ಒಳಗೆ ಬಂದರು. ಅಬ್ಬನಿಗೆ ಕೈ ಮುಗಿದು, ತಾನು ಮೊಳಕಾಲ್ಮೂರಿನ ಮಾರುತೇಶ ಅಂದರು.

“ಸಾಬ್ರೇ, ಜಗಳಕ್ಕೆ ಬಂದಿಲ್ರೀ. ಸಾಮಾನು ಚಲೋ ಐತೆ. ಒಂದು ಲೆಕ್ಕ ತಿಳೀಲಿಲ್ಲ, ಅಷ್ಟೇ.” ನಾನು ಬರೆದಿದ್ದ ಚೀಟಿಯನ್ನು ಗಲ್ಲಾದ ಮೇಲೆ ಬಿಡಿಸಿದರು. ಮಡಿಕೆಗಳನ್ನು ಬೆರಳಿಂದ ತೀಡಿ ಸಮ ಮಾಡಿದರು. “ನೂರಾ ಇಪ್ಪತ್ತೆಂಟು. ಮೇಲೆ ಇಪ್ಪತ್ತು ಪರ್ಸೆಂಟ್ ಬಿಡ್ತೀರಿ ಅಂತ ಚೀಟಿ ಕೆಳಗೆ ಅಚ್ಚು ಹಾಕಿದೀರಿ. ನೂರೈವತ್ನಾಲ್ಕು ಅಂತ್ಲೇ ಇಟ್ಕೊಳ್ಳೋಣ. ನೂರಾ ಅರವತ್ತರದ್ದು ನಿಮ್ಮ ಹತ್ರಾನೇ ಐತೆ, ಅಗೋ ಕಾಣ್ತಾ ಐತೆ. ಮತ್ತೆ ಇನ್ನೂರು ಯಾಕಮ್ಮ? ನಾವು ನೂಲು ಗ್ರಾಮಿನ ಲೆಕ್ಕದಾಗೆ ತೂಗೋ ಜನ. ಹೆಚ್ಚು ಬಂದ್ರೂ ನಿದ್ದೆ ಬರಲ್ಲ.”

ದನಿ ಒಂದಿಷ್ಟೂ ಏರಲಿಲ್ಲ. ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ.

“ಮುಂದೆ ಹೊಸ ಫೋನ್ ತಗೊಂಡ್ರೆ ಇರ್ಲಿ ಅಂತ...” ಅಂದೆ.

“ನನ್ನ ಹೆಂಡ್ತೀನೂ ಅದನ್ನೇ ಅಂದ್ಲು. ಇಬ್ರೂ ಒಂದೇ ಮಾತು.” ಅವರು ತಲೆಯಾಡಿಸಿದರು. “ಪೋರ್ಟ್ ಆರು ಐತೆ. ಹಿಂದಿನದರ ಬಾಯಿಗೆ ಗೀರು ಬಿದ್ದಂಗೆ ಕಾಣ್ತು. ಮೂರೇ ದಿನಕ್ಕೆ.”

ಸುಳ್ಳು ಹೇಳದೆ ಬೇರೆ ದಾರಿ ಇರಲಿಲ್ಲ. ನನ್ನ ಲೆಕ್ಕದ ಮರ್ಯಾದೆ ಹೋದರೆ ಹೋಗಲಿ ಅಂದುಕೊಂಡೆ. “ನಿಜ ಹೇಳ್ತೀನಣ್ಣ. ಲಾಭ ಜಾಸ್ತಿ ಸಿಗುತ್ತೆ ಅಂತ ದೊಡ್ಡದು ದಾಟಿಸಿದೆ. ಅಕ್ಕನಿಗೆ ತಿಳಿಯಲ್ಲ ಅಂದ್ಕೊಂಡೆ. ತಪ್ಪಾಯ್ತು. ವಾಪಸ್ ಕೊಡಿ, ಸಣ್ಣದು ಕೊಡ್ತೀನಿ.”

ಮಾರುತೇಶರ ಮುಖ ಸ್ವಲ್ಪ ಸಡಿಲವಾಯಿತು. ನಂಬಿದರು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇನ್ನೊಂದು ಅರೆ ನಿಮಿಷ ಸಿಕ್ಕಿದ್ದರೆ ಪೆಟ್ಟಿಗೆ ಬದಲಾಯಿಸಿಕೊಂಡು ಹೋಗುತ್ತಿದ್ದರು.

ಆದರೆ ಹಿಂದೆ ಕೂತಿದ್ದವರು ನನ್ನ ಅಬ್ಬ, ಶರೀಫ್ ಸಾಬ್. ಮೂವತ್ತು ವರ್ಷ ಈ ಬಜಾರಿನಲ್ಲಿ ಒಬ್ಬ ಗಿರಾಕಿಗೂ ಟೋಪಿ ಹಾಕದೆ ಬಾಳಿದ ಮನುಷ್ಯ. ಸೋಮವಾರ ಅವರು ಅಂಗಡಿಯಲ್ಲಿ ಇರಲಿಲ್ಲ, ನಾನೂ ಏನೂ ಹೇಳಿರಲಿಲ್ಲ. ಮಗಳೇ ತಾನು ಕಳ್ಳಿ ಅಂತ ಒಪ್ಪಿಕೊಳ್ಳುವುದನ್ನು ಅವರು ಹೇಗೆ ಕೇಳಿಸಿಕೊಂಡಾರು?

“ಕ್ಯಾ ಬಕ್ತೀ ಹೈ, ಏನು ಒದರ್ತೀಯ! ಅವಳು ಹಾಗೆ ಮಾಡೋ ಹುಡುಗಿ ಅಲ್ಲ ಸ್ವಾಮಿ,” ಅಂತ ಎದ್ದರು. “ಯಾಕೆ ಹಿಂಗಂತಾಳೋ ಗೊತ್ತಿಲ್ಲ. ನಮ್ಮಲ್ಲಿ ಎಲ್ಲಾದಕ್ಕೂ ಕಾರ್ಬನ್ ನಕಲು ಐತೆ. ನೀವೇ ನೋಡಿ.”

“ಅಬ್ಬಾ, ಬೇಡ...” ಅಂದೆ. ಉರ್ದುವಿನಲ್ಲೂ ಅಂದೆ. ಅಷ್ಟರಲ್ಲಿ ಪುಸ್ತಕ ಗಲ್ಲಾದ ಮೇಲೆ ಬಂದಿತ್ತು. ಅಬ್ಬ ಸೋಮವಾರದ ಎರಡು ನಕಲಿನಲ್ಲಿ ಮೊದಲನೆಯದನ್ನು ತೆಗೆದು, ನೀಲಿ ಅಕ್ಷರದ ಮೇಲೆ ಬೆರಳಿಟ್ಟು, ಗೆದ್ದವರ ಹಾಗೆ ಓದಿದರು.

“ನೋಡಿ, ಆರು ಸಾಮಾನು ಬರ್ದವಳೆ! ಆರನೇದು ಫೋನು, ಹದಿನೆಂಟು. ಒಟ್ಟು ನೂರಾ ನಲವತ್ತಾರು, ಇಪ್ಪತ್ತು ಪರ್ಸೆಂಟ್ ಹಾಕಿದ್ರೆ ನೂರಾ ಎಪ್ಪತ್ತೈದು. ನೂರಾ ಅರವತ್ತರದ್ದು ಸಾಲಲ್ಲ. ಇನ್ನೂರೇ ಬೇಕು. ನನ್ನ ಮಗಳ ಲೆಕ್ಕ ಯಾವತ್ತೂ ತಪ್ಪಲ್ಲ.”

ಮಾರುತೇಶ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಿಧಾನವಾಗಿ ಓದಿದರು. ಅಬ್ಬ ಓದದೆ ಬಿಟ್ಟ ಕೊನೆಯ ಸಾಲನ್ನೂ ಓದಿದರು. ವಾರಂಟಿ ನಂಬರ್.

ಜೇಬಿಂದ ಫೋನ್ ತೆಗೆದು ಆ ಹತ್ತೂ ಅಂಕಿಯನ್ನು ಒತ್ತಿ, ಸ್ಪೀಕರ್ ಹಾಕಿ ಗಲ್ಲಾದ ಮೇಲಿಟ್ಟರು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಅಂತ ಹೆಣ್ಣಿನ ದನಿ ಹೇಳಿತು. ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಎರಡನ್ನೂ ಪೂರ್ತಿ ಕೇಳಿದರು.

“ಆಫ್ ಆಗದೆ ಏನಾಗುತ್ತೆ?” ಅಂದರು ನಗುತ್ತ. “ಬೀರುಗೆ ಬೀಗ ಐತೆ, ಈ ಚಾರ್ಜರು ನಿನ್ನೆಯಿಂದ ನನ್ನ ಬೈಕಿನ ಬಾಕ್ಸಿನಾಗೆ ಐತೆ.”

ಪೆಟ್ಟಿಗೆ ಮತ್ತೆ ಕಂಕುಳಿಗೆ ಹೋಯಿತು. “ಬದಲಾಯಿಸೋದು ಬ್ಯಾಡ ಸಾಬ್ರೇ. ನಿಮ್ಮ ಮಗಳ ಲೆಕ್ಕ ಸರಿ ಐತೆ.” ಚಪ್ಪಲಿ ಮೆಟ್ಟಿಕೊಂಡು, ಬೈಕ್ ಹತ್ತಿ, ಮೊಳಕಾಲ್ಮೂರಿನ ರಸ್ತೆ ಹಿಡಿದರು. ಅವಸರವೇ ಇರಲಿಲ್ಲ.

ಅಬ್ಬ ಇನ್ನೂ ಹೆಮ್ಮೆಯಿಂದಲೇ ನನ್ನ ಕಡೆ ತಿರುಗಿದರು, ನನ್ನ ಮುಖ ನೋಡಿ ನಿಂತರು. ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ: ಬೆರಳು, ಬಾಗಿಲು, ಪರೀಕ್ಷೆ. ಅಬ್ಬ ಗಲ್ಲಾದ ಅಂಚು ಹಿಡಿದುಕೊಂಡು ಒಂದು ಸಲ “ಯಾ ಅಲ್ಲಾಹ್” ಅಂದರು, ಅಷ್ಟೇ. ಶಟರ್ ಎಳೆದರು. ಬೀಗವನ್ನೂ ಹಾಕದೆ ಸ್ಕೂಟರಿನ ಕಡೆ ಓಡಿದರು. ಅಬ್ಬನ ವಯಸ್ಸಿನಲ್ಲಿ ಓಡುವುದನ್ನು ನೋಡುವುದು ಕಷ್ಟ. ಅವರ ಮೇಲೆ ಸಿಟ್ಟು ಬರಲಿಲ್ಲ. ಎಲ್ಲ ಸಿಟ್ಟೂ ನನ್ನ ಮೇಲೆಯೇ ಬಂತು.

ಊರು ದಾಟಿದ ಮೇಲೆ ಸ್ಕೂಟರಿನ ಹಿಂದೆ ಕೂತು ಪೊಲೀಸ್ ಸಹಾಯವಾಣಿಗೆ ಕರೆ ಮಾಡಿದೆ. ಗಾಳಿಗೆ ಮಾತು ಹಾರಿಹೋಗುತ್ತಿತ್ತು. ಮೊಳಕಾಲ್ಮೂರು ಅಂದೆ. ಯಾವ ಬೀದಿ ಅಂದರು, ಗೊತ್ತಿಲ್ಲ, ಮಗ್ಗದ ಮನೆ, ಮಾರುತೇಶ ಅಂತ ಹೆಸರು ಅಂದೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಬರೆದುಕೊಂಡಳು. ರಸ್ತೆಯಲ್ಲಿ ಎಷ್ಟು ದೂರಕ್ಕೂ ಬಿಳಿ ಅಂಗಿ ಕಾಣಲಿಲ್ಲ.

“ಆ ವ್ಯಕ್ತಿ ಏನು ಮಾಡಿದಾರೆ ಮೇಡಂ?” ಅಂತ ಕೇಳಿದಳು.

“ಇನ್ನೂ ಏನೂ ಮಾಡಿಲ್ಲ,” ಅಂದೆ. “ಮನೆಗೆ ಹೋಗ್ತಾ ಇದಾರೆ.”