ವಯಸ್ಸು ತಿದ್ದಿದ ಅರ್ಜಿ

ಯಲಹಂಕದ ಬ್ಯಾಂಕ್ ಶಾಖೆಯೊಂದರ ಅಧಿಕಾರಿ ಸಂಗಮೇಶ ಪ್ರತಿ ವರ್ಷವೂ ಮುಧೋಳಕ್ಕೆ ವರ್ಗಾವಣೆ ಕೇಳುತ್ತಿದ್ದ. ವಯಸ್ಸಾದ ಅಪ್ಪ, ಅವ್ವ ಅಲ್ಲಿದ್ದರು. ಹಳೆಯ ಅರ್ಜಿಯನ್ನೇ ಕಂಪ್ಯೂಟರಿನಲ್ಲಿ ತೆರೆದು, ತಾರೀಖು ಬದಲಿಸಿ, ಇಬ್ಬರ ವಯಸ್ಸಿಗೂ ಒಂದೊಂದು ಕೂಡಿಸಿದರೆ ಕೆಲಸ ಮುಗಿಯಿತು. ಮ್ಯಾನೇಜರ್ ನರೇಂದ್ರ ಶಿಫಾರಸು ಬರೆದು ಮೇಲಿನ ಕಚೇರಿಗೆ ಕಳಿಸುತ್ತಿದ್ದರು. ಅಲ್ಲಿಂದ ಬರುವ ಉತ್ತರಕ್ಕೆ ಮಾತ್ರ ವಯಸ್ಸೇ ಆಗುತ್ತಿರಲಿಲ್ಲ: ‘ಸದ್ಯಕ್ಕೆ ಹುದ್ದೆ ಖಾಲಿ ಇಲ್ಲ.’

ಈ ಸಲ ಸಹಿ ಹಾಕಲು ಪೆನ್ನು ಎತ್ತಿದ ನರೇಂದ್ರ ಹಾಗೇ ಕೂತುಬಿಟ್ಟರು.

“ಸಂಗಮೇಶ್, ಸ್ವಲ್ಪ ಬಾಗ್ಲು ಹಾಕಿ ಬನ್ನಿ,” ಎಂದು ಒಳಗೆ ಕರೆದು, ಅರ್ಜಿಯನ್ನು ಅವನತ್ತ ತಿರುಗಿಸಿಟ್ಟರು. ‘ತಂದೆ ಮುರಿಗೆಪ್ಪ, ಎಪ್ಪತ್ತೊಂಬತ್ತು ವರ್ಷ’ ಎಂದಿತ್ತು.

ಮುರಿಗೆಪ್ಪ ದೀಪಾವಳಿಗೆ ಮುಂಚೆಯೇ ತೀರಿಕೊಂಡಿದ್ದರು. ಅಪ್ಪನನ್ನು ಮಣ್ಣು ಮಾಡಿ ಬರಲು ಸಂಗಮೇಶನಿಗೆ ರಜೆ ಕೊಟ್ಟವರು ಇದೇ ನರೇಂದ್ರ.

“ರೂಢಿ ಸರ್. ಕೈ ತಾನೇ ಕೂಡಿಸಿಬಿಟ್ಟೈತಿ,” ಎಂದ ಸಂಗಮೇಶ. “ತಿದ್ದಿ ತರ್ತೀನಿ.”

ತನ್ನ ಸೀಟಿಗೆ ಬಂದು ಅಪ್ಪನ ಸಾಲನ್ನು ಅಳಿಸಿದ. ಕೆಳಗಿದ್ದ ಅವ್ವನ ಹೆಸರು ತಾನಾಗಿಯೇ ಮೇಲಕ್ಕೆ ಸರಿದು, ಅಪ್ಪನಿದ್ದ ಜಾಗದಲ್ಲಿ ಬಂದು ನಿಂತಿತು.