ಆರೂ ಮೂವತ್ತೆಂಟರ ಸೂರ್ಯ

ಅಣ್ಣನಿಗೆ ಹೊಸ ಸಾಮಾನಿನ ಹುಚ್ಚು. ಮೂರು ತಿಂಗಳಿಗೊಂದು ಫೋನು, ವರ್ಷಕ್ಕೊಂದು ಗಡಿಯಾರ. ಈ ಸಲದ್ದು ಕೈಗಡಿಯಾರವೋ ಪಂಚಾಂಗವೋ ತಿಳಿಯದಷ್ಟು ಮಾಹಿತಿ ತುಂಬಿಕೊಂಡಿತ್ತು. ಎದೆಬಡಿತ, ಹೆಜ್ಜೆ ಲೆಕ್ಕ, ಮೋಡ, ಗಾಳಿ, ಎಲ್ಲವೂ ಇತ್ತು. ಮೂಲೆಯಲ್ಲೊಂದು ಅರ್ಧ ಸೂರ್ಯನ ಚಿತ್ರ, ಅದರ ಪಕ್ಕದಲ್ಲಿ ಸಮಯ. ಮುಂದಿನದು ಸೂರ್ಯೋದಯವಾದರೆ ಅದರ ಹೊತ್ತು, ಹುಟ್ಟಿ ಆಯಿತೆಂದರೆ ಅಸ್ತದ ಹೊತ್ತು. ಬೆಳಗಿನ ವಾಕಿಂಗಿಗೂ ವಾರದ ಉಪವಾಸಕ್ಕೂ ಅದೇ ಅವನಿಗೆ ಪ್ರಮಾಣ. ಸೂರ್ಯ ಮುಳುಗಲು ಎರಡು ನಿಮಿಷ ಬಾಕಿಯಿದ್ದರೆ ನೀರೂ ಮುಟ್ಟುತ್ತಿರಲಿಲ್ಲ. ಅತ್ತಿಗೆ ಬಡಿಸಿಟ್ಟುಕೊಂಡು ಬೈಯುತ್ತಾ ಕೂತಿರಬೇಕು. ತಂಗಿಗೂ ಅಂಥದ್ದೇ ಒಂದು ಕೊಡಿಸಿದ್ದ. ಅವಳು ಅದರಲ್ಲಿ ಗಂಟೆ ನೋಡುತ್ತಿದ್ದಳು, ಅಷ್ಟೆ.

ತಂಗಿಗೆ ಅಷ್ಟು ಸಾಕಾಗಿತ್ತು. ಅವಳು ಅಣೆಕಟ್ಟಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಬೆಳಗಿನ ಪಾಳಿ ಐದಕ್ಕೆ ಶುರು. ಊರೆಲ್ಲ ಎದ್ದು ನೀರು ಕಾಯಿಸಲು, ಅಡಿಗೆ ಮಾಡಲು ಶುರುಮಾಡುವ ಹೊತ್ತಿಗೆ ಕರೆಂಟು ಹೆಚ್ಚು ಬೇಕು. ಆಗ ಮೇಲಿನ ಕಚೇರಿಯಿಂದ ಫೋನು ಬರುತ್ತದೆ, ಇವಳು ಯಂತ್ರ ಶುರುಮಾಡುತ್ತಾಳೆ, ರಾತ್ರಿಯಿಡೀ ಮೊಳಕಾಲುದ್ದ ಹರಿಯುತ್ತಿದ್ದ ಹೊಳೆಗೆ ಒಮ್ಮೆಲೇ ಆಳೆತ್ತರದ ನೀರು ಇಳಿಯುತ್ತದೆ. ಆ ತಿಂಗಳು ಯಂತ್ರದ ಹೊತ್ತು ಆರೂ ಇಪ್ಪತ್ತು. ಅದಕ್ಕೆ ಐದು ನಿಮಿಷ ಮೊದಲು ಸೈರನ್. ನೀರು ಕೆಳಗಿನ ಮೆಟ್ಟಿಲು ಮುಟ್ಟಲು ಮತ್ತೆ ಹದಿನೈದು ನಿಮಿಷ.

ಆ ಮೆಟ್ಟಿಲು ಅವರ ಮನೆಯ ಹಿಂದಿನದೇ. ಅಪ್ಪ ದೋಣಿ ನಡೆಸುತ್ತಿದ್ದವನು. ಅವನು ತೀರಿಹೋದ ದಿನ ಪ್ರತಿವರ್ಷ ಮಗ ಹೊಳೆಯಲ್ಲಿ ನಿಂತು, ಸೂರ್ಯ ಹುಟ್ಟುವ ಗಳಿಗೆಗೆ ಮೂರು ಬೊಗಸೆ ನೀರು ಬಿಡುತ್ತಿದ್ದ. ಅಪ್ಪ ತನ್ನ ಅಪ್ಪನಿಗೆ ಹಾಗೇ ಮಾಡಿದ್ದನಂತೆ. ಒಂದೇ ಕಟ್ಟಳೆ: ಒಮ್ಮೆ ನೀರಿಗಿಳಿದರೆ ಸೂರ್ಯ ಹುಟ್ಟುವವರೆಗೆ ದಡ ಹತ್ತುವಂತಿಲ್ಲ. ಹತ್ತಿದರೆ ಆ ವರ್ಷದ ಕೆಲಸ ಕೆಟ್ಟಿತು. ಇಂಥದ್ದರಲ್ಲಿ ಅಣ್ಣ ಬಿಗಿ. ಬೇರೆ ಎಲ್ಲದರಲ್ಲೂ ಸಡಿಲ, ವ್ರತ ಕಟ್ಟಳೆಯಲ್ಲಿ ಮಾತ್ರ ಕಲ್ಲು.

ಆ ವರ್ಷ ಅವನು ದೂರದ ಪಡುವಣ ನಗರದಿಂದ ಒಂದು ಹಗಲು ಒಂದು ರಾತ್ರಿ ರೈಲಲ್ಲಿ ಕೂತು ಬಂದಿದ್ದ. ಮನೆ ಸೇರಿದಾಗ ಐದು. ತಂಗಿ ಆಗಲೇ ಪಾಳಿಗೆ ಹೋಗಿದ್ದಳು. ದಾರಿಯಲ್ಲಿ ಸಿನಿಮಾ ನೋಡಿ ನೋಡಿ ಫೋನಿನ ಬ್ಯಾಟರಿ ಮುಗಿಸಿಕೊಂಡಿದ್ದ, ಅಮ್ಮನ ಫೋನಿನಲ್ಲೇ ತಂಗಿಗೆ ಕರೆ ಮಾಡಿದ. ಅದೂ ಇದೂ ಮಾತಾಡಿ, ಕಾಫಿ ಸರಿಯಿಲ್ಲವೆಂದು ಅಮ್ಮನನ್ನು ರೇಗಿಸಿ, ಕಡೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದ.

"ಹೆದ್ರಬೇಡ," ಎಂದಳು ತಂಗಿ. "ಸೂರ್ಯ ಹುಟ್ಟಿ ಕಾಲು ಗಂಟೆ ಆದ್ಮೇಲೇನೇ ಯಂತ್ರ. ಅಷ್ಟರಲ್ಲಿ ನೀನು ಮನೇಲಿರ್ತೀಯ."

ಹೊಳೆದಡದವರು ಮಾತಾಡುವುದೇ ಹಾಗೆ. ಸೂರ್ಯ ಹುಟ್ಟಿ ಇಷ್ಟು, ಮುಳುಗಿ ಇಷ್ಟು. ಗಂಟೆ ಹೇಳುವ ರೂಢಿ ಅವರ ಮನೆಯಲ್ಲಿ ಎಂದೂ ಇರಲಿಲ್ಲ. ಅಪ್ಪನ ಕಾಲದಿಂದ ಬಂದ ಆ ಮಾತನ್ನು ಅವಳು ಯೋಚಿಸದೆ ಆಡಿದಳು, ಆಡಿ ಫೋನಿಟ್ಟು ನೀರಿನ ಮಟ್ಟ ಬರೆದುಕೊಳ್ಳಲು ಎದ್ದಳು. ಅಣ್ಣ ಮಣಿಕಟ್ಟು ತಿರುಗಿಸಿ ನೋಡಿಕೊಂಡ.

ಹೊರಗೆ ಮಂಜು. ಬೆಳಕು ಹರಿದರೂ ಅಣೆಕಟ್ಟಿನ ಗೋಡೆಯ ಮೇಲಿನ ದೀಪಗಳು ಹಳದಿ ಚುಕ್ಕೆಗಳಾಗಿಯೇ ಉಳಿದಿದ್ದವು. ಕೆಳಗೆ ಹೊಳೆ ಇದೆಯೆಂದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ಜೊತೆಯ ಹಿರಿಯ ಸಹಾಯಕ, ಎಲ್ಲದಕ್ಕೂ ಗೊಣಗುತ್ತಿದ್ದುದರಿಂದ ಎಲ್ಲರೂ ಅವನನ್ನು ಗೊಣಗಪ್ಪ ಎನ್ನುತ್ತಿದ್ದರು, ಕಿಟಕಿಗೆ ಮೂಗು ಹಚ್ಚಿ, ಇಂಥ ಮಂಜಲ್ಲಿ ಯಾರ ಎಮ್ಮೆ ಹೊಳೆಯಲ್ಲಿದೆಯೋ ಯಾರಿಗೆ ಗೊತ್ತು, ಯಾಕೋ ಮನಸ್ಸಿಗೆ ಸರಿಬರುತ್ತಿಲ್ಲ ಎಂದ. ದಿನಾ ಅನ್ನುವ ಮಾತೇ ಅದು. ಆದರೂ ಅಂದು ಅವಳು ಅದನ್ನು ಕೇಳಿ ತಲೆಯೆತ್ತಿದಳು. ಗೋಡೆ ಗಡಿಯಾರ ನೋಡಿದಳು. ಆರೂ ಹತ್ತು. ಸೂರ್ಯ ಹುಟ್ಟಿದ್ದು ಆರೂ ನಾಲ್ಕಕ್ಕೆ. ಅಣ್ಣ ಇಷ್ಟು ಹೊತ್ತಿಗೆ ಮೈ ಒರೆಸಿಕೊಳ್ಳುತ್ತಿರುತ್ತಾನೆ, ನನಗೇನು ಹುಚ್ಚು ಎಂದು ತನ್ನನ್ನೇ ಗದರಿಕೊಂಡಳು.

ಆರೂ ಹದಿನೈದಕ್ಕೆ ಸೈರನ್ ಒತ್ತಿದಳು. ಮೂರು ಸಲ ಉದ್ದಕ್ಕೆ ಕೂಗಿ ಮಂಜಿನಲ್ಲಿ ಮುಳುಗಿತು. ಆರೂ ಇಪ್ಪತ್ತಕ್ಕೆ ಫೋನು ಬಂತು, ಯಂತ್ರ ಶುರುಮಾಡಿದಳು. ನೆಲದೊಳಗಿಂದ ಗುಡುಗು ಎದ್ದು ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗಿತು.

ಆರೂ ಇಪ್ಪತ್ತೇಳಕ್ಕೆ ಅಮ್ಮನ ಕರೆ ಬಂತು. ಅಮ್ಮ ಪಾಳಿಯ ಹೊತ್ತಿನಲ್ಲಿ ಎಂದೂ ಕರೆ ಮಾಡಿದವಳಲ್ಲ. ಅಣ್ಣ ಇನ್ನೂ ಬಂದಿಲ್ಲ, ದೋಸೆ ಆರಿಹೋಗುತ್ತಿದೆ ಎಂದು ಶುರುಮಾಡಿದಳು. ಸೈರನ್ ಕೇಳಿ ತಾನು ಮೆಟ್ಟಿಲ ಮೇಲಿನಿಂದ ಕೂಗಿದಳಂತೆ, ಅವನು ನೀರೊಳಗಿಂದಲೇ, ಸೈರನ್ ಬರೀ ಮೊದಲ ಎಚ್ಚರಿಕೆ, ಸೂರ್ಯ ಹುಟ್ಟಿ ಕಾಲು ಗಂಟೆ ಸಮಯವಿದೆಯೆಂದು ಪುಟ್ಟಿ ಹೇಳಿದ್ದಾಳೆ, ನೀನು ಒಳಗೆ ಹೋಗು ಎಂದನಂತೆ. ತಂಗಿಗೆ ಮೊದಲು ಅರ್ಥವೇ ಆಗಲಿಲ್ಲ.

"ಅಮ್ಮ, ಸೂರ್ಯ ಹುಟ್ಟಿ ಎಷ್ಟು ಹೊತ್ತಾಯ್ತು."

"ನಾನೂ ಅದನ್ನೇ ಅಂದೆ ಕಣೇ. ಇಲ್ಲ, ಆರೂ ಮೂವತ್ತೆಂಟಕ್ಕೆ ಅಂತಾನೆ. ವಾಚಲ್ಲಿ ಹಾಗೇ ಇದೆಯಂತೆ."

ಅವಳ ಕೈ ತಾನಾಗಿಯೇ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಬಿತ್ತು. ಯೋಚನೆ ಆಮೇಲೆ ಕೈಯ ಹಿಂದೆ ಬಂತು. ಹೋದ ವರ್ಷ ಅಣ್ಣನ ಊರಿಂದ ವಾಪಸು ಬಂದಾಗ ಅವಳ ಗಡಿಯಾರವೂ ಎರಡು ದಿನ ಇದೇ ಕಥೆ ಹೇಳಿತ್ತು. ಗಂಟೆ ಸರಿಯಾಗಿತ್ತು, ದೇಶಕ್ಕೆಲ್ಲ ಒಂದೇ ಗಂಟೆ. ಸೂರ್ಯನ ಹೊತ್ತು ಮಾತ್ರ ಅಣ್ಣನ ಊರಿನದು. ಆ ಗಡಿಯಾರ ಕಡೆಯ ಸಲ ಎಲ್ಲಿ ಉಪಗ್ರಹದ ಸಂಕೇತ ಹಿಡಿದಿತ್ತೋ ಅಲ್ಲಿಯ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಫೋನಿಗೆ ಜೋಡಿಸಿದರೆ ಅಥವಾ ಬಯಲಲ್ಲಿ ನಿಂತು ವಾಕಿಂಗ್ ಗುಂಡಿ ಒತ್ತಿದರೆ ತಿದ್ದಿಕೊಳ್ಳುತ್ತದೆ. ಅಂಗಳಕ್ಕೆ ಹೋಗಿ ಒತ್ತಿದ್ದಳು, ಸರಿಹೋಗಿತ್ತು, ಮರೆತಿದ್ದಳು. ಅಣ್ಣನ ಫೋನು ಸತ್ತು ಬಿದ್ದಿದೆ. ಅವನು ಕಡೆಯ ವಾಕಿಂಗ್ ಮಾಡಿದ್ದು ಅಲ್ಲಿ, ಪಡುವಣದಲ್ಲಿ, ಸೂರ್ಯ ಮೂವತ್ತನಾಲ್ಕು ನಿಮಿಷ ತಡವಾಗಿ ಹುಟ್ಟುವ ಊರಿನಲ್ಲಿ. ಮಂಜು ಇಲ್ಲದಿದ್ದರೆ ಕಣ್ಣೇ ಹೇಳುತ್ತಿತ್ತು. ಮಂಜಿನಲ್ಲಿ ಬೆಳಕೆಂದರೆ ಬೆಳಕು, ಹುಟ್ಟುವ ಮುಂಚಿನದೂ ಹುಟ್ಟಿದ ಮೇಲಿನದೂ ಒಂದೇ.

ಯಂತ್ರದ ಗುಡುಗು ಇಳಿಯಿತು. ನೀರಿನ ಬಾಗಿಲುಗಳು ಮುಚ್ಚಿದವು. ಆದರೆ ಏಳು ನಿಮಿಷದ ನೀರು ಆಗಲೇ ಹೊರಟುಹೋಗಿತ್ತು. ಬಿಟ್ಟ ನೀರನ್ನು ಯಾವ ಗುಂಡಿ ಒತ್ತಿದರೂ ವಾಪಸು ಕರೆಯಲಾಗುವುದಿಲ್ಲ. ಮೇಲಿನವರ ಫೋನು ಬಡಿದುಕೊಳ್ಳತೊಡಗಿತು, ಯಂತ್ರ ಯಾಕೆ ನಿಂತಿತೆಂದು. ಹೊಳೆಯಲ್ಲಿ ಅಣ್ಣ ಇದ್ದಾನೆ ಎಂದು ಅವಳು ಹೇಳುತ್ತಲೇ ಗೊಣಗಪ್ಪ ಅದನ್ನು ಎತ್ತಿ ಒಂದೇ ಮಾತು ಹೇಳಿ ಕುಕ್ಕಿ, ಗಸ್ತಿನ ಜೀಪಿಗೆ ಕರೆ ಮಾಡಿದ. ಮೊದಲ ಬಾರಿಗೆ ಅವನು ಗೊಣಗಲಿಲ್ಲ. ಜೀಪು ಸುತ್ತುದಾರಿಯಲ್ಲಿ ಅಲ್ಲಿಗೆ ಹೋಗಲು ಇಪ್ಪತ್ತು ನಿಮಿಷ.

ಇದ್ದದ್ದು ಏಳೆಂಟು ನಿಮಿಷ.

"ಅಮ್ಮ, ಕೇಳು. ಇಲ್ಲಿ ಸೂರ್ಯ ಹುಟ್ಟಿ ಆಯ್ತು. ಅವನ ವಾಚು ಅವನ ಊರಿಂದು ತೋರಿಸ್ತಿದೆ. ನೀರು ಬಿಟ್ಟಾಗಿದೆ. ಮೆಟ್ಟಿಲ ತುದಿಯ ಕಟ್ಟೆ ಮೇಲೆ ನಿಂತು ಕೂಗು. ಕೆಳಗೆ ಮಾತ್ರ ಇಳೀಬೇಡ."

ಹಿತ್ತಲ ಬಾಗಿಲು ಕಿರುಗುಟ್ಟಿದ್ದು, ಚಪ್ಪಲಿಯ ಸದ್ದು, ಅಮ್ಮನ ಏದುಸಿರು ಕೇಳಿತು. ಮೊಣಕಾಲು ನೋವಿನವಳು. ಕಟ್ಟೆಯವರೆಗಿನ ಎಪ್ಪತ್ತು ಹೆಜ್ಜೆಗೆ ಎಷ್ಟು ಹೊತ್ತು ತೆಗೆದುಕೊಂಡಳೋ, ತಂಗಿ ಗೋಡೆ ಗಡಿಯಾರದ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಆರೂ ಮೂವತ್ತು. ಮೂವತ್ತೊಂದು. ಕಟ್ಟೆ ಮುಟ್ಟಿ ಅಮ್ಮ ಕೂಗಿದಳು. ಮಗನೇ, ಬಾರೋ ಮೇಲೆ, ನೀರು ಬಿಟ್ಟಿದ್ದಾರಂತೆ, ಸೂರ್ಯ ಹುಟ್ಟಿದಾನಂತೆ. ದೂರದಿಂದ, ಮಂಜಿನೊಳಗಿಂದ, ಅಣ್ಣನ ದನಿ ಬಂತು. ನಗುತ್ತಿದ್ದ. ಬೆಳಕಿದ್ದ ಮಾತ್ರಕ್ಕೆ ಹುಟ್ಟಿದ ಹಾಗಲ್ಲಮ್ಮ, ಇನ್ನೈದೇ ನಿಮಿಷ, ಅಪ್ಪನ ಕೆಲಸ ಕೆಡಿಸಬೇಡ, ನೀನು ಅಲ್ಲೇ ಇರು ಎಂದ.

ಫೋನನ್ನು ಅವನ ಹತ್ತಿರ ಹಿಡಿ, ನಾನು ಹೇಳುತ್ತೇನೆ ಎಂದು ತಂಗಿ ಗಂಟಲು ಹರಿಯುವಂತೆ ಕೂಗಿದಳು. ಆಮೇಲೆ ತಾನೇ ಏನು ಹೇಳಿದೆನೆಂದು ತಿಳಿದು ಬಾಯಿ ಮುಚ್ಚಿಕೊಂಡಳು. ಹತ್ತಿರ ಎಂದರೆ ಕೆಳಗೆ.

"ಅಮ್ಮ, ಬೇಡ. ಅಲ್ಲೇ ನಿಂತು ಕೂಗು."

"ಅವನು ಹಟಮಾರಿ ಕಣೇ," ಎಂದಳು ಅಮ್ಮ. ದನಿಯಲ್ಲಿ ಗಾಬರಿ ಇರಲಿಲ್ಲ. ಶಾಲೆಗೆ ಹೋಗುವುದಿಲ್ಲವೆಂದು ಕಂಬ ತಬ್ಬಿಕೊಂಡವನನ್ನು ಬಿಡಿಸಿ ಎಳೆದುಕೊಂಡು ಹೋಗುವಾಗಿನ ದನಿ ಅದು. "ಕಿವಿ ಹಿಡ್ಕೊಂಡು ಬಂದ್ರೇನೇ ಬರೋದು. ಎರಡೂ ಕೈ ಬೇಕು, ಇರು."

ಫೋನು ಕಲ್ಲಿನ ಮೇಲೆ ಇಟ್ಟ ಸದ್ದಾಯಿತು. ಚಪ್ಪಲಿ ಒಂದೊಂದೇ ಮೆಟ್ಟಿಲು ಇಳಿಯಿತು, ಒಂದು, ಎರಡು, ಆಮೇಲೆ ಎಣಿಸಲಾಗಲಿಲ್ಲ. ತಂಗಿ ಫೋನಿಗೆ ಅಮ್ಮ ಅಮ್ಮ ಎಂದು ಕರೆಯುತ್ತಲೇ ಇದ್ದಳು. ಕಟ್ಟೆಯ ಕಲ್ಲಿಗೆ ಕೇಳಿಸಿರಬೇಕು, ಬೇರೆ ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಹಕ್ಕಿಗಳ ಸದ್ದು ಮಾತ್ರ ಇತ್ತು. ಅದೂ ನಿಂತಿತು. ಆಮೇಲೆ ಎಲ್ಲೋ ಮೇಲುಗಡೆಯಿಂದ, ದೂರದ ಲಾರಿಗಳ ಹಾಗೆ, ಒಂದು ಸದ್ದು ಹತ್ತಿರವಾಗುತ್ತಾ ಬಂತು. ಹದಿನಾಲ್ಕು ವರ್ಷದಿಂದ ಅವಳು ಆ ನೀರು ಬಿಡುತ್ತಿದ್ದಳು. ತಾನೇ ಬಿಟ್ಟ ನೀರು ಕೆಳಗೆ ಬರುವುದನ್ನು ಕೇಳಿದ್ದು ಅದೇ ಮೊದಲು.

ಅದು ಬಂದು, ತುಂಬಿ, ಸ್ವಲ್ಪ ಸ್ವಲ್ಪವೇ ಇಳಿಯಿತು. ಏಳು ನಿಮಿಷದ ನೀರು, ಏಳೇ ನಿಮಿಷ. ಗೊಣಗಪ್ಪ ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ಯಾರೋ ಒದ್ದೆ ಕಾಲಲ್ಲಿ ಓಡಿಬಂದ ಸದ್ದಾಯಿತು. ಫೋನನ್ನು ಯಾರೋ ಎತ್ತಿಕೊಂಡರು. ಉಸಿರು ಸಿಗದೆ ಕೆಮ್ಮಿದರು. ಅಣ್ಣನ ಕೆಮ್ಮು ಅವಳಿಗೆ ಗೊತ್ತು. ಬದುಕಿದ್ದಾನೆ. ಅವಳಿಗೆ ಅಳು ಒತ್ತರಿಸಿ ಬಂತು, ನಗುವೂ ಬಂತು, ಮೇಜು ಹಿಡಿದುಕೊಂಡಳು.

"ಪುಟ್ಟೀ," ಎಂದ ಅವನು. "ನೀರು ಮೊದಲೇ ಬಂದ್ಬಿಡ್ತು ಕಣೇ. ಸದ್ದು ಕೇಳಿದ್ದೇ ಪಕ್ಕದ ಬಂಡೆ ಹಿಡ್ಕೊಂಡು ಹತ್ತಿದೆ, ಸ್ವಲ್ಪದ್ರಲ್ಲಿ ಉಳ್ಕೊಂಡೆ. ಮಂಜು, ಏನೂ ಕಾಣಲ್ಲ ಇಲ್ಲಿ."

ಅವನ ಹಿಂದೆ ಚಪ್ಪಲಿಯ ಸದ್ದು ಇದೆಯೇ ಎಂದು ಅವಳು ಕಿವಿಗೊಟ್ಟಳು.

"ಅಮ್ಮ ಫೋನ್ ಇಲ್ಲೇ ಕಟ್ಟೆ ಮೇಲೆ ಬಿಟ್ಟು ಹೋಗಿದಾಳೆ ನೋಡು. ಮರೆವು ಜಾಸ್ತಿ ಆಗಿದೆ ಅವಳಿಗೆ. ಒಳಗೆ ಹೋದ್ಲಾ?"