ಹದಿನಾಲ್ಕನೇ ದೃಶ್ಯದ ಹುಡುಗಿ

ಹಾಲೇಶನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಿರೇಕೆರೂರಿನಲ್ಲಿ ಮದುವೆ ವಿಡಿಯೊ ತೆಗೆದುಕೊಂಡು ತನ್ನ ಪಾಡಿಗೆ ತಾನಿರಬಹುದಿತ್ತು. ಅದು ಬಿಟ್ಟು, ಆರು ವರ್ಷದ ಹಿಂದೆ ನನ್ನ ಅಕ್ಕ ಜಯಶ್ರೀಯ ಜೊತೆ ಓಡಿಹೋಗಲು ಹೊರಟು ಬಂಕಾಪುರ ಕ್ರಾಸಿನಲ್ಲಿ ನಮ್ಮಪ್ಪನ ಕೈಗೆ ಸಿಕ್ಕಿಬಿದ್ದದ್ದನ್ನೇ ನಲವತ್ತೆಂಟು ನಿಮಿಷದ ಸಿನಿಮಾ ಮಾಡಿ ಯೂಟ್ಯೂಬಿಗೆ ಹಾಕಿದ. ಹೆಸರುಗಳನ್ನು ಬದಲಿಸಿದ್ದ, ಅಷ್ಟೇ.

ಅವನಿಗಿಂತ ದೊಡ್ಡ ಗ್ರಹಚಾರ ನಮ್ಮ ಹುಲಗೇಶ ಸರ್. ಹಾನಗಲ್ಲಿನ ಕಾಲೇಜಿನಲ್ಲಿ ನಮಗೆ ಪತ್ರಿಕೋದ್ಯಮ ಕಲಿಸುತ್ತಾರೆ. ಸವಣೂರಿನವರು, ನಮ್ಮ ಮನೆಯ ಸುದ್ದಿ ಗೊತ್ತಿಲ್ಲ. "ಇದು ನಮ್ಮ ಕಡೆ ಹುಡುಗ ಮಾಡಿದ್ದು, ಇದನ್ನ ಬಿಡಿಸಿ ಬರೀರಿ" ಎಂದು ಅದೇ ಸಿನಿಮಾ ಕೊಟ್ಟರು.

ಕಥೆಯ ಮೂರು ಅಂಕಗಳನ್ನು ಬೇರೆ ಮಾಡುವುದು ಕಷ್ಟವಾಗಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಹುಡುಗಿ ಓಡಿಹೋಗಲು ನಿರ್ಧರಿಸುತ್ತಾಳೆ, ಇನ್ನು ಹಿಂದೆ ಹೋಗುವಂತಿಲ್ಲ: ಅಲ್ಲಿಗೆ ಮೊದಲನೆಯ ಅಂಕ ಮುಗಿಯಿತು. ಎರಡನೆಯದರಲ್ಲಿ ತಯಾರಿ, ಅಡ್ಡಿ. ಸರಿಯಾಗಿ ನಡುವೆ, ಇಪ್ಪತ್ನಾಲ್ಕಕ್ಕೆ, ಇಬ್ಬರೂ ಬಸ್ಸು ಹತ್ತಿ ಗೆದ್ದೆವೆಂದು ನಗುತ್ತಾರೆ. ಮೂವತ್ತಾರಕ್ಕೆ ಕ್ರಾಸಿನಲ್ಲಿ ಅಪ್ಪನ ಟೆಂಪೊ ಅಡ್ಡ ನಿಂತಿರುತ್ತದೆ. ಮೂರನೆಯದು ಅಪ್ಪ ಮಗಳ ಜಗಳ, ಆಮೇಲೆ ಅವಳು ತಲೆತಗ್ಗಿಸಿ ಮನೆಗೆ ಬರುವುದು.

ಆಮೇಲೆ ಯಾರದು ಯಾವ ಕಾರ್ಯ ಎಂಬ ಪಟ್ಟಿ. ಹುಡುಗ ನಾಯಕ. ಅಪ್ಪ ಖಳ. ಗುಟ್ಟಾಗಿ ಮಾತಾಡಲು ಸಿಮ್ ಕೊಟ್ಟ ಅಂಗಡಿಯವ ಕೊಡುಗೆದಾರ, ಅಂದರೆ ನಾಯಕನಿಗೆ ಬೇಕಾದ ವಸ್ತು ಒದಗಿಸುವವ. ಮನೆಯವರು ನಿಶ್ಚಯ ಮಾಡಿದ್ದ ಗಂಡು ಹುಸಿ ನಾಯಕ. ಖಳನಿಗೆ ಸುಳಿವು ಮುಟ್ಟಿಸಿದವರು ಎಂಬ ಕಡೆ ‘ಗೆಳತಿ’ ಎಂದು ಬರೆದೆ. ಸಿನಿಮಾದಲ್ಲೂ ಹಾಗೇ ತೋರಿಸಿದ್ದಾನೆ. ಊರೂ ಹಾಗೇ ನಂಬಿದೆ. ಅಕ್ಕ ತನ್ನ ಗೆಳತಿ ಮಹೆಕಳ ಜೊತೆ ಆರು ವರ್ಷದಿಂದ ಮಾತು ಬಿಟ್ಟಿರುವುದು ಇದಕ್ಕೇ.

ಸರ್ ‘ಗೆಳತಿ’ ಸುತ್ತ ಕೆಂಪು ಗೆರೆ ಎಳೆದು ನನ್ನನ್ನು ಕ್ಲಾಸಿನಲ್ಲೇ ನಿಲ್ಲಿಸಿದರು.

"ವಿದ್ಯಾ, ಇದಕ್ಕ ಪುರಾವೆ ಯಾವ ದೃಶ್ಯದಾಗೈತಿ?"

"ಎಲ್ಲಾರೂ ಆಕಿನ್ನ ಬೈತಾರಲ್ರಿ ಸರ್."

"ಬೈದ್ರ ಪುರಾವೆ ಆಗಂಗಿಲ್ಲ. ಯಾರು ಛಲೋ ಯಾರು ಕೆಟ್ಟ ಅಂತ ನೋಡಬ್ಯಾಡ. ಯಾರು ಮಾಡಿದ್ದು ಕತಿನ ತಿರುಗಿಸ್ತು, ಅದನ್ನ ನೋಡು. ಗೆಳತಿಗೆ ಗೊತ್ತಿದ್ದದ್ದು ಯಾವ ಬಸ್ಸು?"

"ಎಂಟರದು ರಿ."

"ಅಪ್ಪ ಬಂದದ್ದು?"

"ಐದೂ ನಲವತ್ತರ ಬಸ್ಸಿಗೆ."

"ಹೊತ್ತು ಬದಲಾದದ್ದು ಹದಿನಾಲ್ಕನೇ ದೃಶ್ಯದಾಗ. ಅಲ್ಲಿ ಗೆಳತಿ ಇಲ್ಲ. ಮತ್ತ ಯಾರದಾರ?"

ಪ್ರೊಜೆಕ್ಟರ್ ಹಾಕಿದರು. ನಾಯಕಿ ಫೋನಿನಲ್ಲಿ ಐದೂ ನಲವತ್ತು ಎನ್ನುತ್ತಾಳೆ. ಹಿಂದೆ ಮೂಲೆಯಲ್ಲಿ ಒಬ್ಬ ತಂಗಿ ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದಾಳೆ. ಹಾಲೇಶನಿಗೆ ಅವತ್ತು ಫೋನಿನಲ್ಲಿ ನನ್ನ ಮಗ್ಗಿ ಕೇಳಿಸಿರಬೇಕು, ನಿಜದಂತೆ ಕಾಣಲಿ ಎಂದು ಹಾಗೇ ತುರುಕಿದ್ದಾನೆ. ಸಣ್ಣಾಕಿ, ಅದಕ್ಕೇನು ತಿಳಿಯುತ್ತದೆ ಎಂದು ಅಕ್ಕನೂ ತಿಳಿದಿದ್ದಳು, ಅವನೂ ತಿಳಿದಿದ್ದ.

ತಿಳಿದಿತ್ತು. ನನಗಾಗ ಹದಿಮೂರು ವರ್ಷ. ಹೇಗೋ ಅನುಮಾನ ಬಂದಿದ್ದ ಅಪ್ಪ ಗದರಿಸಲೂ ಇಲ್ಲ, "ಅಕ್ಕ ಯಾವಾಗ ಹೊಂಟಾಳ?" ಎಂದು ಕೇಳಿದ. ಅಕ್ಕ ಹೋದರೆ ನನಗೆ ಯಾರೂ ಇಲ್ಲವೆಂದು ಹೆದರಿ ಹೇಳಿಬಿಟ್ಟೆ. ಆಮೇಲೆ ಎಲ್ಲರೂ ಮಹೆಕಳ ಕಡೆ ಬೆರಳು ತೋರಿಸಿದಾಗ ಬಾಯಿ ಮುಚ್ಚಿಕೊಂಡೆ. ಹಲ್ಕಟ್ ಕೆಲಸ, ನನಗೆ ಗೊತ್ತು.

"ನಾಳೆ ತಿದ್ದಿ ತಾ" ಎಂದರು ಸರ್.

ಮನೆಯಲ್ಲಿ ಅಕ್ಕ ಅಂಗನವಾಡಿಯಿಂದ ಬಂದು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಬರವಣಿಗೆ ಮೊದಲಿನಿಂದಲೂ ಅವಳೇ ಓದಿ ತಿದ್ದುವುದು. ಹಾಳೆ ಬಚ್ಚಿಡಬಹುದಿತ್ತು. ಸಿನಿಮಾ ಸುಳ್ಳು ಎನ್ನಬಹುದಿತ್ತು. ಆದರೆ ಆ ಕೆಂಪು ಗೆರೆ ನೋಡಿದಾಗಲೆಲ್ಲ ಅಕ್ಕಿಆಲೂರಿನ ಸಂತೆಯಲ್ಲಿ ಅಕ್ಕನನ್ನು ಕಂಡು ನಿಂತು, ಅಕ್ಕ ಮುಖ ತಿರುಗಿಸಿದ ಮೇಲೆ ಸುಮ್ಮನೆ ಹೋದ ಮಹೆಕ ನೆನಪಾಗುತ್ತಿದ್ದಳು. ‘ಗೆಳತಿ’ ಹೊಡೆದುಹಾಕಿ ‘ತಂಗಿ, ಹದಿನಾಲ್ಕನೇ ದೃಶ್ಯ’ ಎಂದು ಬರೆದು ಅಕ್ಕನ ಮುಂದಿಟ್ಟೆ.

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು.

"ಇದು ಸಿನಿಮಾದ್ದೇನು?"

"ಅಲ್ಲಕ್ಕ. ನಾನ ಹೇಳಿದ್ದು. ಅಪ್ಪಗ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಸೊಪ್ಪಿನ ಬುಟ್ಟಿ ಸರಿಸಿ, ಕೈ ತೊಳೆದು, ಗೂಟದ ಮೇಲಿನ ಚೀಲ ತಗೊಂಡಳು. ಮಹೆಕ ಅಕ್ಕಿಆಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಲ್ಲಿಗೆ ಹೋಗಲು ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಾನೂ ಬರ್ತೇನಿ" ಎಂದೆ.

"ಬ್ಯಾಡ." ಅವಳು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. "ಏನೂ ಮಾಡದ ಆಕಿ ಕೂಡ ಆರು ವರ್ಷ ಮಾತಾಡಿಲ್ಲ ನಾ. ನಿನ್ನ ಕೂಡ ಎಷ್ಟು ವರ್ಷ ಮಾತು ಬಿಡಬೇಕು, ನೀನ ಹೇಳು."